ಬಟ್ಟೆ ಸುತ್ತಿದ ಲೋಟ ಯಾಕೆ ಮೊದಲು ತಣ್ಣಗಾಯಿತು?

ಪ್ರಶ್ನೆ: ನಮಸ್ಕಾರ ಸರ್. ಹಿರಿಯ ಪ್ರಾಥಮಿಕ ಶಾಲೆಯಲ್ಲಿ 7ನೇ ತರಗತಿಗೆ ವಿಜ್ಞಾನ ಪಾಠ ಮಾಡುತ್ತೇನೆ. 36 ಮಕ್ಕಳು, 4 ಥರ್ಮಾಮೀಟರ್. ಹೋದ ವರ್ಷ ಮೂರು ಸ್ಟೀಲ್ ಲೋಟಕ್ಕೆ 68 ಡಿಗ್ರಿಯ ಬಿಸಿನೀರು ಹಾಕಿ, ಒಂದಕ್ಕೆ ಬಟ್ಟೆ, ಒಂದಕ್ಕೆ ಪೇಪರ್ ಸುತ್ತಿದೆ. ಒಂದನ್ನು ಹಾಗೇ ಬಿಟ್ಟೆ. 15 ನಿಮಿಷದ ಮೇಲೆ ಬಟ್ಟೆಯದು 54, ಪೇಪರಿನದು 54, ಬರೀ ಲೋಟದ್ದು 55! ಬಟ್ಟೆ ಅವಾಹಕ ಅಂತ ಹೇಳಿಕೊಟ್ಟು ಹೀಗಾಯಿತಲ್ಲ ಅಂತ ತುಂಬಾ ಬೇಜಾರಾಯಿತು. ನಾನು ಎಲ್ಲಿ ತಪ್ಪಿದೆ? ಈ ವರ್ಷ ಪಾಠವನ್ನು ಹೇಗೆ ಯೋಜಿಸಲಿ?

ಉತ್ತರ:

ನಮಸ್ಕಾರ ಮೇಡಂ. ನಿಮ್ಮ ಅಳತೆ ಸರಿಯಾಗಿಯೇ ಇದೆ. ತೆಳ್ಳನೆಯ ಬಟ್ಟೆ ಸುತ್ತಿದ ಸ್ಟೀಲ್ ಲೋಟ, ಬರೀ ಲೋಟದಷ್ಟೇ ಬೇಗ ತಣ್ಣಗಾಗುತ್ತದೆ. ಕೆಲವು ಸಲ ಅದಕ್ಕಿಂತ ಬೇಗವೂ ಆಗುತ್ತದೆ. ಇದಕ್ಕೆ ಎರಡು ಕಾರಣ. ಅವು ಗೊತ್ತಾದರೆ ಹೊಸ ಪ್ರಯೋಗ ಹೇಗಿರಬೇಕು ಅನ್ನುವುದೂ ತಾನಾಗಿಯೇ ಹೊಳೆಯುತ್ತದೆ.

ಮೊದಲನೆಯದು, ಲೋಟದ ಬಾಯಿ. ನೀವು ಮುಚ್ಚಿದ್ದ ವಿಷಯ ಬರೆದಿಲ್ಲ, ಹಾಗಾಗಿ ತೆರೆದೇ ಇತ್ತು ಅಂದುಕೊಳ್ಳುತ್ತೇನೆ. 68 ಡಿಗ್ರಿಯ ನೀರಿನಿಂದ ಹಬೆ ಜೋರಾಗಿ ಏಳುತ್ತದೆ, ಮತ್ತು ಪ್ರತಿ ಗ್ರಾಂ ಹಬೆ ತನ್ನ ಜೊತೆ ಸುಮಾರು 2,300 ಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. ಸಾಮಾನ್ಯ ಲೋಟದಲ್ಲಿ 200 ಮಿ.ಲೀ. ನೀರಿದ್ದರೆ, ಬಾಯಿಯಿಂದ ಹೋಗುವ ಶಾಖವೇ ಸುತ್ತಲಿನ ಗೋಡೆಯಿಂದ ಹೋಗುವುದಕ್ಕಿಂತ ಜಾಸ್ತಿ. ನೀವು ಗೋಡೆಗೆ ಏನೇ ಸುತ್ತಿದರೂ ಆ ದಾರಿ ಮೂರೂ ಲೋಟಗಳಲ್ಲಿ ಒಂದೇ ಥರ ತೆರೆದಿತ್ತು. ಬಟ್ಟೆಗೆ ತನ್ನ ಕೆಲಸ ತೋರಿಸಲು ಅವಕಾಶವೇ ಸಿಗಲಿಲ್ಲ.

ಎರಡನೆಯದು ಸ್ವಲ್ಪ ಸೂಕ್ಷ್ಮ, ಆದರೆ ನನಗೆ ಬಹಳ ಇಷ್ಟವಾದದ್ದು. ಬಿಸಿ ವಸ್ತು ಶಾಖವನ್ನು ಮೂರು ದಾರಿಯಲ್ಲಿ ಕಳೆದುಕೊಳ್ಳುತ್ತದೆ ಅಂತ ನೀವೇ ಪಾಠ ಮಾಡುತ್ತೀರಿ: ವಹನ, ಸಂವಹನ, ವಿಕಿರಣ. ಹೊಳೆಯುವ ಸ್ಟೀಲಿನ ಮೈ ವಿಕಿರಣದಲ್ಲಿ ಬಹಳ ಜಿಪುಣ. ಬಟ್ಟೆ, ಪೇಪರು ಹಾಗಲ್ಲ, ಅವು ವಿಕಿರಣವನ್ನು ಧಾರಾಳವಾಗಿ ಹೊರಬಿಡುತ್ತವೆ. ಒಂದು ಸುತ್ತು ಬಟ್ಟೆ ಅಂದರೆ ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಅಷ್ಟು ತೆಳುವಾದರೆ ಅದು ತಡೆಯುವ ಶಾಖ ಕಡಿಮೆ, ಹೊಳೆಯುವ ಮೈಯನ್ನು ಮುಚ್ಚಿದ್ದರಿಂದ ಹೊರಗೆ ಹೋಗುವ ಶಾಖ ಜಾಸ್ತಿ. ಲೆಕ್ಕ ಸರಿಹೋಗುತ್ತದೆ, ಅಥವಾ ಬಟ್ಟೆಯೇ ಸೋಲುತ್ತದೆ. ನಿಮ್ಮ ತರಗತಿಯಲ್ಲಿ ಆದದ್ದು ಇದೇ.

ಹಾಗಾದರೆ ಹೊಸ ಪ್ರಯೋಗದಲ್ಲಿ ಮೂರು ವಿಷಯ ನೋಡಿಕೊಳ್ಳಬೇಕು. ಬಾಯಿ ಮುಚ್ಚಿರಬೇಕು. ವಸ್ತು ಸಾಕಷ್ಟು ದಪ್ಪ ಇರಬೇಕು, ಎಲ್ಲದರಲ್ಲೂ ಒಂದೇ ದಪ್ಪ. ಹೊರಗಿನ ಮೈ ಎಲ್ಲದಕ್ಕೂ ಒಂದೇ ಥರದ್ದಾಗಿರಬೇಕು. ಸುತ್ತುವ ವಿಧಾನದಲ್ಲಿ ಇದು ಆಗುವುದಿಲ್ಲ. ಒಬ್ಬರು ಬಿಗಿಯಾಗಿ ಸುತ್ತುತ್ತಾರೆ, ಇನ್ನೊಬ್ಬರು ಸಡಿಲವಾಗಿ. ಅದಕ್ಕೆ ಸುತ್ತುವುದನ್ನು ಬಿಟ್ಟು ತುಂಬುವುದಕ್ಕೆ ಹೋಗಿ.

2 ಲೀಟರಿನ ತಂಪು ಪಾನೀಯದ ಖಾಲಿ ಬಾಟಲಿ ನಾಲ್ಕು ತೆಗೆದುಕೊಳ್ಳಿ. ಕೆಳಗಿನ 13 ಸೆಂ.ಮೀ. ಉಳಿಯುವಂತೆ ಕತ್ತರಿಸಿ. ಇದನ್ನು ನೀವೇ ಮನೆಯಲ್ಲಿ ಮಾಡಿ, ಕತ್ತರಿಸಿದ ಅಂಚಿಗೆ ಟೇಪ್ ಹಚ್ಚಿ, ಇಲ್ಲವಾದರೆ ಮಕ್ಕಳ ಕೈ ಕೊಯ್ಯುತ್ತದೆ. ತಳಕ್ಕೆ 2 ಸೆಂ.ಮೀ.ನಷ್ಟು ಪರೀಕ್ಷಿಸುವ ವಸ್ತು ಹಾಕಿ, ಅದರ ಮೇಲೆ ಸ್ಟೀಲ್ ಲೋಟ ಕೂರಿಸಿ, ಸುತ್ತಲೂ ಅದೇ ವಸ್ತು ತುಂಬಿ. ಸುಮಾರು 7 ಸೆಂ.ಮೀ. ಅಗಲದ ಲೋಟವಾದರೆ ಸುತ್ತ ಒಂದೂಮುಕ್ಕಾಲು ಸೆಂ.ಮೀ. ಜಾಗ ಸಿಗುತ್ತದೆ. ಎಲ್ಲ ಡಬ್ಬಿಯಲ್ಲೂ ದಪ್ಪ ತಾನಾಗಿಯೇ ಒಂದೇ ಆಯಿತು, ಹೊರಮೈಯೂ ಒಂದೇ ಪ್ಲಾಸ್ಟಿಕ್. ಮೇಲಿನ ಮುಚ್ಚಳಕ್ಕೆ ದಪ್ಪ ರಟ್ಟು ಸಾಕು. ಹಬೆಗೆ ರಟ್ಟು ನೆನೆದು ಮೆತ್ತಗಾಗುತ್ತದೆ, ಹಾಗಾಗಿ ಅಡಿಗೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿ. ನಡುವೆ ಥರ್ಮಾಮೀಟರ್ ಬಿಗಿಯಾಗಿ ಕೂರುವಷ್ಟೇ ತೂತು ಮಾಡಿ.

ಯಾವ ವಸ್ತು ತುಂಬುವುದು? ನಾಲ್ಕೇ ಥರ್ಮಾಮೀಟರ್ ಇರುವುದರಿಂದ ನಾಲ್ಕೇ ಇಡಿ: ಒಣ ತೆಂಗಿನ ನಾರು, ಸುಕ್ಕಾಗಿಸಿದ ನ್ಯೂಸ್‌ಪೇಪರ್ ಚೂರು, ಒಣ ಮರಳು, ಮತ್ತು ಏನೂ ತುಂಬದ ಖಾಲಿ ಜಾಗ. ಖಾಲಿ ಡಬ್ಬಿಯ ಲೋಟ ತಳಕ್ಕೆ ತಾಗಬಾರದು, 2 ಸೆಂ.ಮೀ. ಎತ್ತರದ ಮೂರು ಥರ್ಮಾಕೋಲ್ ತುಂಡಿನ ಮೇಲೆ ಕೂರಿಸಿ. ನಾರು ಸಿಗದಿದ್ದರೆ ಅರಳೆ ಆಗುತ್ತದೆ, ಭತ್ತದ ಹೊಟ್ಟು ಆಗುತ್ತದೆ. ಮರಳನ್ನು ಮಾತ್ರ ಬಿಡಬೇಡಿ. ಪಾಠದ ಜೀವ ಅದರಲ್ಲೇ ಇದೆ, ಯಾಕೆ ಅಂತ ಮುಂದೆ ಹೇಳುತ್ತೇನೆ. ಮರಳು ಮತ್ತು ನಾರನ್ನು ಹಿಂದಿನ ದಿನ ಬಿಸಿಲಿನಲ್ಲಿ ಒಣಗಿಸಿ, ರಾತ್ರಿಯಿಡೀ ತರಗತಿಯಲ್ಲೇ ಇಟ್ಟರೆ ಕೋಣೆಯ ಉಷ್ಣತೆಗೆ ಬಂದಿರುತ್ತದೆ. ಬಿಸಿಲಿನಿಂದ ನೇರ ತಂದ ಮರಳು ಹಾಕಿದರೆ ಲೆಕ್ಕವೆಲ್ಲ ಕೆಡುತ್ತದೆ.

ಥರ್ಮಾಮೀಟರ್ ಪ್ರಯೋಗಾಲಯದ್ದೇ ಬೇಕು, ಜ್ವರದ್ದಲ್ಲ. ಜ್ವರದ್ದು 42 ಡಿಗ್ರಿವರೆಗೆ ಮಾತ್ರ, ಬಿಸಿನೀರಿಗೆ ಹಾಕಿದರೆ ಒಡೆಯುತ್ತದೆ. ಕೆಂಪು ದ್ರವದ್ದು ಸಿಕ್ಕರೆ ಒಳ್ಳೆಯದು, ಬಿದ್ದು ಒಡೆದರೂ ಪಾದರಸದ ಭಯವಿಲ್ಲ. ಪಾಠದ ಹಿಂದಿನ ದಿನ ನಾಲ್ಕನ್ನೂ ಒಂದೇ ಪಾತ್ರೆಯ ಬೆಚ್ಚಗಿನ ನೀರಿಗೆ ಇಟ್ಟು ನೋಡಿ. ಒಂದು 60 ತೋರಿಸುವಾಗ ಇನ್ನೊಂದು 61 ತೋರಿಸುವುದು ಮಾಮೂಲು. ಎಷ್ಟು ವ್ಯತ್ಯಾಸ ಅಂತ ಚೀಟಿಯಲ್ಲಿ ಬರೆದು ಅದಕ್ಕೇ ಕಟ್ಟಿಬಿಡಿ. ನಿಮ್ಮ 54 ಮತ್ತು 55ರ ನಡುವಿನ ಒಂದು ಡಿಗ್ರಿ ಥರ್ಮಾಮೀಟರಿನದ್ದೇ ಇದ್ದರೂ ಇರಬಹುದು.

ಈಗ ತರಗತಿಗೆ ಬನ್ನಿ. ಎರಡು ಪೀರಿಯಡ್ ಒಟ್ಟಿಗೆ ಸಿಕ್ಕರೆ ಆರಾಮ. ಶುರುವಿಗೆ ಐದು ನಿಮಿಷ ಒಂದು ಸಣ್ಣ ಕೆಲಸ: ಬೆಂಚಿನ ಮರವನ್ನೂ ಅದರ ಕಬ್ಬಿಣದ ಕಾಲನ್ನೂ ಮುಟ್ಟಲು ಹೇಳಿ. ಯಾವುದು ತಣ್ಣಗಿದೆ? ಕಬ್ಬಿಣ ಅನ್ನುತ್ತಾರೆ ಎಲ್ಲರೂ. ಆಮೇಲೆ ಥರ್ಮಾಮೀಟರಿನ ಬುರುಡೆಯನ್ನು ಎರಡಕ್ಕೂ ತಾಗಿಸಿ, ಮೇಲೆ ಬಟ್ಟೆ ಮುಚ್ಚಿ ಸ್ವಲ್ಪ ಹೊತ್ತು ಕಾಯಿರಿ. ಎರಡೂ ಒಂದೇ ಉಷ್ಣತೆ. ಕೈಯ ಶಾಖ ಕಬ್ಬಿಣಕ್ಕೆ ಬೇಗ ಹರಿದುಹೋಗುತ್ತದೆ, ಮರಕ್ಕೆ ನಿಧಾನ. ಕೈಗೆ ತಿಳಿಯುವುದು ಶಾಖ ಹೋಗುವ ವೇಗ, ವಸ್ತುವಿನ ಉಷ್ಣತೆ ಅಲ್ಲ. ಇದನ್ನು ಹೆಚ್ಚು ವಿವರಿಸಲು ಹೋಗಬೇಡಿ, ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟು ಮುಂದೆ ಹೋಗಿ.

ಒಂಬತ್ತು ಮಕ್ಕಳ ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿಗೆ ಒಂದು ಡಬ್ಬಿ. ನೀರು ಹಾಕುವ ಮೊದಲು ಪ್ರತಿ ಮಗುವೂ ಪುಸ್ತಕದಲ್ಲಿ ಬರೆಯಲಿ: ಅರ್ಧ ಗಂಟೆಯ ಮೇಲೆ ಯಾವುದು ಜಾಸ್ತಿ ಬಿಸಿ ಇರುತ್ತದೆ, ಯಾವುದು ಕಡಿಮೆ, ಯಾಕೆ. ಬರೆದದ್ದನ್ನು ಅಳಿಸುವಂತಿಲ್ಲ. ಬಾಯಲ್ಲಿ ಹೇಳಿಸಿದರೆ ಜಾಣ ಮಗು ಹೇಳಿದ್ದನ್ನೇ ಉಳಿದವರೂ ಹೇಳಿಬಿಡುತ್ತಾರೆ. ಮರಳು ದಪ್ಪ, ಗಟ್ಟಿ, ಅದೇ ಬಿಸಿಯನ್ನು ಹಿಡಿದಿಡುತ್ತದೆ ಅಂತ ಬರೆಯುವವರು ಸುಮಾರು ಜನ ಸಿಗುತ್ತಾರೆ. ನಾರಿಗೆ ಒಳಗೇ ಬಿಸಿ ಇರುತ್ತದೆ, ಅದಕ್ಕೇ ಬೆಚ್ಚಗೆ ಅಂತಲೂ ಬರೆಯುತ್ತಾರೆ.

ನೀರನ್ನು ನೀವೇ ಹಾಕಿ. 70 ಡಿಗ್ರಿ ಸಾಕು, ಕುದಿಯುವ ನೀರು ಖಂಡಿತ ಬೇಡ. 70 ಡಿಗ್ರಿ ಕೂಡ ಮಗುವಿನ ಚರ್ಮವನ್ನು ಒಂದು ಕ್ಷಣದಲ್ಲಿ ಸುಡುತ್ತದೆ, ಹಾಗಾಗಿ ಡಬ್ಬಿಗಳು ಮೇಜಿನ ಅಂಚಿನಿಂದ ದೂರ ಇರಲಿ, ನೀರು ಹಾಕುವಾಗ ಎಲ್ಲರೂ ಎರಡು ಹೆಜ್ಜೆ ಹಿಂದೆ ನಿಲ್ಲಲಿ. ಪ್ರತಿ ಲೋಟಕ್ಕೂ ಅಳೆದು 200 ಮಿ.ಲೀ. ಒಂದರಲ್ಲಿ 150 ಇದ್ದರೆ ಅದು ಸುಮ್ನೆ ಬೇಗ ತಣ್ಣಗಾಗುತ್ತದೆ, ತಪ್ಪು ವಸ್ತುವಿನ ಮೇಲೆ ಬೀಳುತ್ತದೆ. ನೀರು ಬಿದ್ದ ತಕ್ಷಣ ತಣ್ಣನೆಯ ಲೋಟ ಸ್ವಲ್ಪ ಶಾಖ ಎಳೆದುಕೊಳ್ಳುತ್ತದೆ. ಆದ್ದರಿಂದ ಮುಚ್ಚಳ ಹಾಕಿ ಎರಡು ನಿಮಿಷ ಬಿಟ್ಟು ಮೊದಲ ಅಳತೆ ಬರೆಯಿರಿ, ಅಲ್ಲಿಂದ ಐದೈದು ನಿಮಿಷಕ್ಕೆ ಒಂದರಂತೆ ಅರ್ಧ ಗಂಟೆ. ಥರ್ಮಾಮೀಟರ್ ಹೊರಗೆ ತೆಗೆಯಬಾರದು, ತೆಗೆದ ಕೂಡಲೇ ಇಳಿಯತೊಡಗುತ್ತದೆ. ಪ್ರತಿ ಅಳತೆಗೆ ಮೊದಲು ಡಬ್ಬಿಯನ್ನು ಮೇಜಿನ ಮೇಲೇ ಮೆಲ್ಲಗೆ ಒಂದೆರಡು ಸುತ್ತು ಆಡಿಸಿ. ನಿಂತ ನೀರಿನಲ್ಲಿ ಮೇಲೆ ಬಿಸಿ, ಕೆಳಗೆ ತಣ್ಣಗೆ ಇರುತ್ತದೆ. ಫ್ಯಾನ್ ಆಫ್ ಮಾಡುವುದನ್ನು ಮರೆಯಬೇಡಿ.

ಐದು ನಿಮಿಷದ ನಡುವೆ ಮಕ್ಕಳು ಸುಮ್ಮನಿರುವುದಿಲ್ಲ, ಅಲ್ವಾ? ಆ ಹೊತ್ತಿಗೆ ವಾಹಕಗಳ ಕೆಲಸ ಇಟ್ಟುಕೊಳ್ಳಿ. ತಾಮ್ರದ ತಂತಿ, ಅಲ್ಯೂಮಿನಿಯಂ ತಂತಿ, ಸೈಕಲ್ ಚಕ್ರದ ಕಡ್ಡಿ, ಮೂರೂ ಸುಮಾರು 2 ಮಿ.ಮೀ. ದಪ್ಪದವು. ರಟ್ಟಿನ ಮುಚ್ಚಳದ ಮೂಲಕ ಮೂರನ್ನೂ ಇನ್ನೊಂದು ಬಿಸಿನೀರಿನ ಲೋಟಕ್ಕೆ ಇಳಿಸಿ. ಮುಚ್ಚಳದಿಂದ 3-4 ಸೆಂ.ಮೀ. ಮೇಲೆ ಪ್ರತಿಯೊಂದಕ್ಕೂ ಒಂದು ಚಿಟಿಕೆ ಡಾಲ್ಡಾದಿಂದ ಒಂದು ಸಾಸಿವೆ ಕಾಳು ಅಂಟಿಸಿ. ತಾಮ್ರದ ಕಾಳು ಮೊದಲು ಜಾರುತ್ತದೆ, ನಂತರ ಅಲ್ಯೂಮಿನಿಯಂನದು. ಕಡ್ಡಿಯದು ಬಹಳ ತಡ, ಬೀಳದೆಯೂ ಇರಬಹುದು. ಲೋಹ ಅಂದರೆ ಎಲ್ಲ ಒಂದೇ ಅಂದುಕೊಂಡ ಮಕ್ಕಳಿಗೆ ಇದು ದೊಡ್ಡ ಆಶ್ಚರ್ಯ. ತಾಮ್ರ ಸ್ಟೇನ್‌ಲೆಸ್ ಸ್ಟೀಲಿಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ಚೆನ್ನಾಗಿ ಶಾಖ ಸಾಗಿಸುತ್ತದೆ. ಸ್ಟೀಲ್ ಪಾತ್ರೆಗಳ ತಳಕ್ಕೆ ತಾಮ್ರ ಹಚ್ಚುವುದು ಇದಕ್ಕೇ. ತುಪ್ಪ ಬಳಸಬೇಡಿ, ನಮ್ಮ ಬೇಸಿಗೆಗೆ ಅದು ತಾನಾಗಿಯೇ ಕರಗಿ ಕಾಳು ಬೀಳುತ್ತದೆ.

ಡಬ್ಬಿಗಳ ಫಲಿತಾಂಶಕ್ಕೆ ಮರಳೋಣ. ಕೋಣೆ 27 ಡಿಗ್ರಿ ಇದ್ದು ಮೊದಲ ಅಳತೆ 65 ಇದ್ದರೆ, ಅರ್ಧ ಗಂಟೆಗೆ ನಾರಿನದು 60ರ ಹತ್ತಿರ ಇರಬಹುದು, ಪೇಪರಿನದು ಅದರ ಆಸುಪಾಸು, ಖಾಲಿಯದು 58ರ ಸುಮಾರು, ಮರಳಿನದು 50ರ ಸುತ್ತಮುತ್ತ. ನಿಮ್ಮ ಲೋಟ, ಮುಚ್ಚಳ, ಕೋಣೆಗೆ ತಕ್ಕಂತೆ ಅಂಕಿ ಒಂದೆರಡು ಡಿಗ್ರಿ ಅತ್ತಿತ್ತ ಆಗುತ್ತದೆ. ಮರಳು ಎಲ್ಲಕ್ಕಿಂತ ಕೆಳಗೆ ಬರುವುದು ಬದಲಾಗುವುದಿಲ್ಲ.

ಇಲ್ಲಿ ಮಕ್ಕಳಿಂದ ಒಂದು ಲೆಕ್ಕ ಮಾಡಿಸಿ. 1 ಗ್ರಾಂ ನೀರು 1 ಡಿಗ್ರಿ ಇಳಿದರೆ 4.2 ಜೂಲ್ ಶಾಖ ಹೋಯಿತು ಅಂತ ಅರ್ಥ. 200 ಗ್ರಾಂ ನೀರಿಗೆ ಒಂದು ಡಿಗ್ರಿಗೆ 840 ಜೂಲ್. ನಾರಿನ ಲೋಟ 5 ಡಿಗ್ರಿ ಇಳಿದಿದ್ದರೆ 4,200 ಜೂಲ್ ಹೋಗಿದೆ. ಮರಳಿನದು 15 ಡಿಗ್ರಿ ಇಳಿದಿದ್ದರೆ 12,600 ಜೂಲ್. ಮೂರು ಪಟ್ಟು. ನಾರು ಮತ್ತು ಪೇಪರಿನಲ್ಲಿ ಯಾವುದು ಗೆದ್ದಿತು ಅಂತ ಮಕ್ಕಳು ಜಗಳ ಮಾಡುತ್ತಾರೆ. ವ್ಯತ್ಯಾಸ ಒಂದು ಡಿಗ್ರಿ ಮಾತ್ರ ಇದ್ದರೆ ಇಬ್ಬರೂ ಸಮ ಅಂತ ತೀರ್ಪು ಕೊಡಿ, ನಿನ್ನೆ ಥರ್ಮಾಮೀಟರಿಗೆ ಕಟ್ಟಿದ ಚೀಟಿಯನ್ನು ತೋರಿಸಿ. ಅಳತೆಯ ಸಾಧನ ಎಷ್ಟು ಸೂಕ್ಷ್ಮವೋ ಅಷ್ಟೇ ಹೇಳಬಹುದು ಅನ್ನುವುದನ್ನು 7ನೇ ತರಗತಿಯಲ್ಲಿ ಕಲಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ನನಗೆ ಗೊತ್ತಿಲ್ಲ. ಅನುಮಾನ ಉಳಿದರೆ ಎರಡು ಡಬ್ಬಿಗಳ ಥರ್ಮಾಮೀಟರನ್ನು ಅದಲುಬದಲು ಮಾಡಿ ಇನ್ನೊಮ್ಮೆ ನೋಡಲಿ.

ನಾರು, ಪೇಪರ್ ಯಾಕೆ ಗೆದ್ದವು? ಅವುಗಳಲ್ಲಿ ಸಿಕ್ಕಿಕೊಂಡ ಗಾಳಿಯಿಂದ. ಗಾಳಿ ಬಹಳ ಕೆಟ್ಟ ವಾಹಕ. ಹಾಗಾದರೆ ಬರೀ ಗಾಳಿ ಇರುವ ಖಾಲಿ ಡಬ್ಬಿಯೇ ಗೆಲ್ಲಬೇಕಿತ್ತಲ್ಲ ಅಂತ ಒಂದು ಮಗುವಾದರೂ ಕೇಳಬೇಕು. ಕೇಳದಿದ್ದರೆ ನೀವೇ ಕೇಳಿ. ಖಾಲಿ ಜಾಗದಲ್ಲಿ ಗಾಳಿ ಸುಮ್ಮನೆ ಕೂರುವುದಿಲ್ಲ. ಲೋಟದ ಪಕ್ಕದ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಪ್ಲಾಸ್ಟಿಕ್ ಪಕ್ಕದ್ದು ತಣ್ಣಗಾಗಿ ಇಳಿಯುತ್ತದೆ, ಹೀಗೆ ಸುತ್ತುತ್ತಾ ಶಾಖವನ್ನು ಹೊರಗೆ ದಾಟಿಸುತ್ತದೆ. ನಾರಿನ ಕೆಲಸ ಇಷ್ಟೇ: ಗಾಳಿಯನ್ನು ಓಡಾಡದಂತೆ ಹಿಡಿದುಕೊಳ್ಳುವುದು. ನಾರನ್ನು ಒತ್ತಿ ಒತ್ತಿ ತುಂಬಿದ ಗುಂಪಿಗೆ ಫಲಿತಾಂಶ ಸ್ವಲ್ಪ ಕೆಡುವುದೂ ಇದರಿಂದಲೇ.

ಇನ್ನು ಮರಳು. ಮಕ್ಕಳು ಗ್ರಾಫ್ ಎಳೆದಾಗ ಮರಳಿನ ಗೆರೆ ಉಳಿದವುಗಳ ಥರ ಇರುವುದಿಲ್ಲ. ಮೊದಲ ಹತ್ತು ನಿಮಿಷ ಕಡಿದಾಗಿ ಬೀಳುತ್ತದೆ, ಆಮೇಲೆ ನಿಧಾನವಾಗುತ್ತದೆ. ಈ ತಿರುವನ್ನು ಬೆರಳಿಟ್ಟು ತೋರಿಸಿ. ಅಷ್ಟೊಂದು ಶಾಖ ಎಲ್ಲಿಗೆ ಹೋಯಿತು? ಕಡೆಯ ಅಳತೆ ಆದ ಮೇಲೆ ಲೋಟವನ್ನು ನೀವು ಹೊರಗೆ ತೆಗೆದು, ಲೋಟಕ್ಕೆ ತಾಗಿದ್ದ ಮರಳಿಗೆ ಥರ್ಮಾಮೀಟರ್ ಚುಚ್ಚಿ, ಅಂಚಿನ ಮರಳಿಗೂ ಚುಚ್ಚಿ. ಒಳಗಿನದು ಚೆನ್ನಾಗಿ ಬಿಸಿಯಾಗಿದೆ, ಹೊರಗಿನದು ಅಷ್ಟಿಲ್ಲ. ಶಾಖದ ಒಂದು ಪಾಲು ಹೊರಗೆ ಹೋಗಿಲ್ಲ, ಮರಳಿನ ಹೊಟ್ಟೆಯಲ್ಲೇ ಕೂತಿದೆ. ಆ ಡಬ್ಬಿಯಲ್ಲಿ ಅರ್ಧ ಕಿಲೋಗಿಂತ ಜಾಸ್ತಿ ಮರಳಿದೆ. ನಾರು ಮೂವತ್ತು ಗ್ರಾಂ ಇದ್ದರೆ ಹೆಚ್ಚು. ಅಂದರೆ ಮರಳು ಎರಡು ಕೆಲಸ ಮಾಡಿತು: ನಾರಿಗಿಂತ ಚೆನ್ನಾಗಿ ಶಾಖ ಸಾಗಿಸಿತು, ಜೊತೆಗೆ ತಾನೂ ನುಂಗಿತು. ಶಾಖ ತಡೆಯುವುದು ಬೇರೆ, ಶಾಖ ನುಂಗುವುದು ಬೇರೆ. ಪಠ್ಯದಲ್ಲಿ ಈ ವ್ಯತ್ಯಾಸ ಬಾರದಿದ್ದರೂ ನಿಮ್ಮ ಮಕ್ಕಳು ಅದನ್ನು ಕಣ್ಣಾರೆ ನೋಡಿರುತ್ತಾರೆ. ದಪ್ಪ ಮಣ್ಣಿನ ಗೋಡೆಯ ಮನೆ ಮಧ್ಯಾಹ್ನ ತಂಪಾಗಿರುವುದು ಯಾಕೆ, ಅದೇ ಗೋಡೆ ರಾತ್ರಿ ಬೆಚ್ಚಗಿರುವುದು ಯಾಕೆ ಅಂತ ಕೇಳಿ ನೋಡಿ. ಉತ್ತರ ಅವರ ಗ್ರಾಫಿನಲ್ಲೇ ಇದೆ.

ಇಲ್ಲಿಗೆ ನಿಲ್ಲಿಸಿದರೆ ನಾರಿನಲ್ಲಿ ಬಿಸಿ ಇದೆ ಅಂತ ಬರೆದ ಮಗು ತಾನು ಗೆದ್ದೆ ಅಂದುಕೊಳ್ಳುತ್ತದೆ. ನಾರಿನ ಲೋಟವೇ ಬಿಸಿ ಉಳಿಸಿಕೊಂಡಿತಲ್ಲ! ಆದ್ದರಿಂದ ಎರಡನೇ ದಿನ ಅದೇ ಡಬ್ಬಿಗಳಿಗೆ ಮಂಜುಗಡ್ಡೆ ಹಾಕಬೇಕು. ಇದನ್ನು ದಯವಿಟ್ಟು ಬಿಡಬೇಡಿ. ಹಿಂದಿನ ರಾತ್ರಿ ಒಂದೇ ಅಳತೆಯ ಐದು ಪ್ಲಾಸ್ಟಿಕ್ ಕಪ್ಪಿಗೆ 100 ಮಿ.ಲೀ. ನೀರು ಹಾಕಿ ಫ್ರೀಜರಿನಲ್ಲಿಡಿ. ಶಾಲೆಗೆ ತರುವಾಗ ಆ ಕಪ್ಪುಗಳನ್ನು ದಪ್ಪ ಟವೆಲಿನಲ್ಲಿ ಸುತ್ತಿ ತನ್ನಿ, ತಂದದ್ದನ್ನು ಮಕ್ಕಳಿಗೆ ತೋರಿಸಿ, ಆದರೆ ಏನೂ ಹೇಳಬೇಡಿ. ಮೊದಲೇ ಕರಗಿದ ನೀರನ್ನು ಚೆಲ್ಲಿ, ಗಡ್ಡೆಗಳು ಎಲ್ಲ ಒಂದೇ ಗಾತ್ರ ಇವೆಯೇ ನೋಡಿ, ಲೋಟಕ್ಕೆ ಹಾಕಿ ಮುಚ್ಚಿ. ಇವತ್ತು ಥರ್ಮಾಮೀಟರ್ ಬೇಡ, ಮುಚ್ಚಳದ ತೂತಿಗೆ ಟೇಪ್ ಹಚ್ಚಿ. ಒಂದು ಗಂಟೆಯ ಮೇಲೆ ಕರಗಿದ ನೀರನ್ನು ಮಾತ್ರ ಬಗ್ಗಿಸಿ ಅಳೆಯಿರಿ. ನಾರಿನ ಡಬ್ಬಿಯಲ್ಲಿ 25 ಮಿ.ಲೀ.ನ ಸುಮಾರು ಬಂದರೆ ಮರಳಿನದರಲ್ಲಿ ಅದರ ಎರಡು ಪಟ್ಟು, ಇನ್ನೂ ಜಾಸ್ತಿ ಬರುತ್ತದೆ. ನಿನ್ನೆ ಬಿಸಿಯನ್ನು ಬೇಗ ಕಳೆದುಕೊಂಡ ಡಬ್ಬಿಯೇ ಇವತ್ತು ಮಂಜನ್ನು ಬೇಗ ಕರಗಿಸಿತು. ನಾರಿಗೆ ತನ್ನದೇ ಬಿಸಿ ಇದ್ದಿದ್ದರೆ ಮಂಜು ಅಲ್ಲೇ ಮೊದಲು ಕರಗಬೇಕಿತ್ತು.

ಈ ಹೊತ್ತಿಗೆ ಒಂದು ಕಥೆ ಹೇಳಬಹುದು, ನಿಜವಾದದ್ದು. 1833ರಲ್ಲಿ ಅಮೆರಿಕದ ಬಾಸ್ಟನ್ನಿನ ವ್ಯಾಪಾರಿ ಫ್ರೆಡೆರಿಕ್ ಟ್ಯೂಡರ್ ‘ಟಸ್ಕನಿ’ ಎಂಬ ಹಡಗಿನಲ್ಲಿ ಸುಮಾರು 180 ಟನ್ ಮಂಜುಗಡ್ಡೆ ತುಂಬಿ ಕಲ್ಕತ್ತೆಗೆ ಕಳಿಸಿದ. ಯಂತ್ರವಿಲ್ಲ, ಫ್ರಿಜ್ ಇಲ್ಲ, ನಾಲ್ಕು ತಿಂಗಳ ಪ್ರಯಾಣ, ಸಮಭಾಜಕ ವೃತ್ತವನ್ನು ಎರಡು ಸಲ ದಾಟಬೇಕು. ಆದರೂ ಕಲ್ಕತ್ತೆ ತಲುಪಿದಾಗ ಸುಮಾರು 100 ಟನ್ ಉಳಿದಿತ್ತು. ಅವನ ಮಂಜಿಗೆ ಹೊದಿಕೆಯಾಗಿದ್ದು ಮರ ಕೊಯ್ಯುವಾಗ ಉದುರುವ ಪುಡಿ. ಅವನು ಕಟ್ಟಿಸಿದ ಮಂಜಿನ ಮನೆ ಚೆನ್ನೈನ ಮರೀನಾ ಕಡಲ ತೀರದಲ್ಲಿ ಇವತ್ತಿಗೂ ನಿಂತಿದೆ, ಈಗ ಅದು ವಿವೇಕಾನಂದರ ಸ್ಮಾರಕ. ದೊಡ್ಡ ರಾಶಿಯಾದ್ದರಿಂದಲೂ ಅಷ್ಟು ಉಳಿಯಿತು ಅನ್ನುವುದನ್ನು ಸೇರಿಸಿ ಹೇಳಿ. ಗಾತ್ರ ಹೆಚ್ಚಿದಷ್ಟೂ ಒಳಗಿನ ಮಂಜಿಗೆ ಹೋಲಿಸಿದರೆ ಹೊರಮೈ ಕಡಿಮೆ. ಇಲ್ಲವಾದರೆ ನಮ್ಮ 100 ಗ್ರಾಂ ಗಡ್ಡೆ ಯಾಕೆ ನಾಲ್ಕು ತಿಂಗಳು ಉಳಿಯುವುದಿಲ್ಲ ಅಂತ ಕೇಳಿಯೇ ಕೇಳುತ್ತಾರೆ.

ಫ್ರೀಜರಿನಲ್ಲಿ ಇಟ್ಟ ಐದನೇ ಕಪ್ಪು ಉಳಿಯಿತಲ್ಲ, ಅದು ಒದ್ದೆ ನಾರಿಗೆ. ಐದನೇ ಡಬ್ಬಿ ಮಾಡಿ, ಒಣ ನಾರಿನ ಡಬ್ಬಿಗೆ ಹಾಕಿದಷ್ಟೇ ನಾರನ್ನು ಕೋಣೆಯ ನೀರಿನಲ್ಲಿ ನೆನೆಸಿ ಹಿಂಡಿ ತುಂಬಿ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ಶಾಖ ಸಾಗಿಸುತ್ತದೆ, ಮತ್ತು ನಾರಿನೊಳಗಿನ ಗಾಳಿಯ ಜಾಗಕ್ಕೆ ಅದು ಬಂದು ಕೂತಿದೆ. ಅದೇ ನಾರು, ಅದೇ ದಪ್ಪ, ಆದರೆ ಒಣ ನಾರಿಗಿಂತ ಎಷ್ಟೋ ಬೇಗ ಮಂಜು ಕರಗುತ್ತದೆ. ಈ ಡಬ್ಬಿಯ ಫಲಿತಾಂಶವನ್ನು ನೀವು ವಿವರಿಸಬೇಡಿ. ಅದನ್ನೇ ಪರೀಕ್ಷೆಯ ಪ್ರಶ್ನೆಯಾಗಿ ಕೊಡಿ: “ಒಣ ನಾರಿನ ಡಬ್ಬಿಯಲ್ಲಿ ಇಷ್ಟು ನೀರು, ಒದ್ದೆ ನಾರಿನ ಡಬ್ಬಿಯಲ್ಲಿ ಇಷ್ಟು ನೀರು. ನಾರು ಬದಲಾಗಿಲ್ಲ. ಹಾಗಾದರೆ ಬದಲಾದದ್ದು ಏನು?” ‘ನಾರು ಅವಾಹಕ’ ಅಂತ ಬಾಯಿಪಾಠ ಮಾಡಿದ ಮಗು ಇಲ್ಲಿ ನಿಂತುಬಿಡುತ್ತದೆ. ಗಾಳಿಯ ಹೆಸರು ಬರೆದ ಮಗುವಿಗೆ ಪೂರ್ತಿ ಅಂಕ ಕೊಡಿ.